ಒಬ್ಬರೇ ಬಂದರೂ ಬಹುವಚನ

ಬೆಂಗಳೂರಿಗೆ ಬಂದು ಕನ್ನಡ ಕಲಿಯತೊಡಗಿದವರ ಬಾಯಲ್ಲಿ ಮೊದಮೊದಲು ತಪ್ಪದೆ ಕೇಳಿಬರುವ ಒಂದು ಮಾತಿದೆ: "ಸಾರ್, ನೀವು ಬಾ." ಹೇಳುವವರ ಮನಸ್ಸಿನಲ್ಲಿ ಅಗೌರವ ಒಂದಿಷ್ಟೂ ಇಲ್ಲ. ಹಿರಿಯರಿಗೆ 'ನೀವು' ಅನ್ನಬೇಕೆಂದು ಯಾರೋ ಹೇಳಿಕೊಟ್ಟಿದ್ದಾರೆ, ಅವರು ಹಾಗೆಯೇ ಅಂದಿದ್ದಾರೆ. ಹಿಂದಿಯ ಆಡುಮಾತಿನಲ್ಲಿ 'ಆಪ್ ಆವೋ' ಎಂಬ ಅರೆಬರೆ ಮರ್ಯಾದೆ ಧಾರಾಳವಾಗಿ ನಡೆಯುತ್ತದೆ. ಅಲ್ಲಿ 'ಆಪ್' ಬಂದರೆ ಅರ್ಧ ಕೆಲಸ ಮುಗಿದಂತೆ. ಕನ್ನಡದಲ್ಲಿ ಹಾಗಿಲ್ಲ. 'ನೀವು' ಅಂದವರು 'ಬನ್ನಿ' ಎನ್ನಲೇಬೇಕು, 'ಬಾ' ಎನ್ನಬೇಕಾದರೆ 'ನೀನು' ಎನ್ನಬೇಕು. ಒಂದರ ತಲೆ ಇನ್ನೊಂದರ ಬಾಲ ಸೇರಿಸಿದರೆ ಕೇಳುವವರಿಗೆ ನಗು ಬರುತ್ತದೆ, ಇಲ್ಲವೇ ಸಿಟ್ಟು.

ಕಲಿಯುವವರು ಮೊದಲು ತಿಳಿಯಬೇಕಾದದ್ದು ಇದು: ದಕ್ಷಿಣದ ಹೆಚ್ಚಿನ ಭಾಷೆಗಳಲ್ಲಿ ಮರ್ಯಾದೆ ಎಂಬುದು ಹೆಸರಿಗೆ ಹಚ್ಚುವ ಒಂದು ಪದವಲ್ಲ, ವಾಕ್ಯದ ಉದ್ದಕ್ಕೂ ಸಾಗುವ ಒಂದು ಸರಪಳಿ. ಪಕ್ಕದ ಮನೆಯ ನಿವೃತ್ತ ಉಪಾಧ್ಯಾಯರು ಮಳೆಯಲ್ಲಿ ನೆನೆದು ಬಂದರೆ ಮನೆಯೊಳಗೆ ಹೀಗೆ ಕೂಗುತ್ತೇವೆ: "ಮೇಷ್ಟ್ರು ಬಂದ್ರು. ಅವರ ಕೊಡೆ ಒದ್ದೆಯಾಗಿದೆ, ಆ ಕಡೆ ಇಡು. ಅವರಿಗೆ ಕಾಫಿ ಕೊಡು." ಅದೇ ಮಳೆಯಲ್ಲಿ ಪೇಪರ್ ಹಾಕುವ ಹುಡುಗ ಬಂದರೆ: "ಹುಡುಗ ಬಂದ. ಅವನ ಕೊಡೆ ಒದ್ದೆಯಾಗಿದೆ. ಅವನಿಗೆ ಕಾಫಿ ಕೊಡು." ಹೆಸರಿನ ಕೊನೆ, ಸರ್ವನಾಮ, ಅದರ ವಿಭಕ್ತಿ ರೂಪ, ಕ್ರಿಯಾಪದದ ಬಾಲ, ಇಷ್ಟೂ ಕಡೆ ಒಂದೇ ಮಟ್ಟ ಇರಬೇಕು. 'ಮೇಷ್ಟ್ರು ಬಂದ' ಅಂದರೆ ಕೊಂಡಿ ಕಳಚಿತು. ಹೊಸಬರು ಮೊದಲ ಕೊಂಡಿಯನ್ನು ಸರಿಯಾಗಿ ಹಾಕುತ್ತಾರೆ, ಎಡವುವುದು ಕೊನೆಯದರಲ್ಲಿ, ಕ್ರಿಯಾಪದದಲ್ಲಿ. ಕಿವಿಗೆ ಹೆಚ್ಚು ಚುಚ್ಚುವುದೂ ಅದೇ.

ಮೇಲಿನ ಎರಡು ಮಾತುಗಳಲ್ಲಿ ಇನ್ನೂ ಒಂದು ವ್ಯತ್ಯಾಸವಿದೆ. 'ಅವನ' ಎಂದಾಗ ಬಂದವನು ಗಂಡು ಎಂದು ಗೊತ್ತಾಗುತ್ತದೆ. 'ಅವರ' ಎಂದಾಗ ಬಂದವರು ಗಂಡಸೋ ಹೆಂಗಸೋ ತಿಳಿಯುವುದಿಲ್ಲ. ಒಬ್ಬರೋ ಹಲವರೋ ಎಂಬುದೂ ತಿಳಿಯುವುದಿಲ್ಲ. ಕನ್ನಡದ ಗೌರವ ಮನುಷ್ಯನ ಲಿಂಗವನ್ನೂ ಲೆಕ್ಕವನ್ನೂ ಒಟ್ಟಿಗೆ ಮರೆಮಾಡುತ್ತದೆ. ಏಕೆಂದರೆ ಅದು ಬೇರೆ ಯಾವ ಸಾಮಗ್ರಿಯಿಂದಲೂ ಆದದ್ದಲ್ಲ, ಬರಿಯ ಬಹುವಚನದಿಂದ ಆದದ್ದು.

ಇದು ನಮ್ಮ ಜನರಿಗೆ ಎಷ್ಟು ಚೆನ್ನಾಗಿ ಗೊತ್ತೆಂದರೆ, ವ್ಯಾಕರಣದ ಒಂದು ಪಾರಿಭಾಷಿಕ ಪದ ಬೀದಿ ಜಗಳದೊಳಕ್ಕೆ ಇಳಿದುಬಂದಿದೆ. "ಏಕವಚನದಲ್ಲಿ ಮಾತಾಡಬೇಡಿ" ಎಂದು ಬಸ್ಸಿನಲ್ಲಿ ಪ್ರಯಾಣಿಕರು ಕಂಡಕ್ಟರಿಗೆ ಹೇಳುತ್ತಾರೆ, ಕಂಡಕ್ಟರ್ ಪ್ರಯಾಣಿಕರಿಗೆ ಹೇಳುತ್ತಾರೆ. ಸಭೆಯಲ್ಲಿ ಜಟಾಪಟಿಯಾದರೆ 'ಏಕವಚನದಲ್ಲಿ ವಾಗ್ದಾಳಿ' ಎಂದು ಪತ್ರಿಕೆಗಳು ಬರೆಯುತ್ತವೆ. ಶಾಲೆಯ ಮೆಟ್ಟಿಲು ಹತ್ತದವರಿಗೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬ ವ್ಯಕ್ತಿಗೆ ಹಲವರ ಪ್ರತ್ಯಯ ಹಚ್ಚುವುದು ಹಳಗನ್ನಡದಲ್ಲೇ ಇತ್ತು. ಆಗ 'ಅರ್', 'ಗಳ್' ಇದ್ದವು, ಈಗ 'ಅರು', 'ಗಳು'. ಯಾವುದು ಎಲ್ಲಿ ಅಂಟುತ್ತದೆ ಎಂಬುದಕ್ಕೆ ಒರಟಾದ ಒಂದು ಲೆಕ್ಕ ಕೊಡಬಹುದು. ಮನುಷ್ಯರನ್ನು ಹೇಳುವ ಪದ ಅಕಾರದಲ್ಲಿ ಮುಗಿದರೆ 'ರು': ರಾಯರು, ವೈದ್ಯರು, ಅರ್ಚಕರು. ಇ, ಉ ಸ್ವರಗಳಲ್ಲಿ ಮುಗಿದರೆ 'ಗಳು': ಮಂತ್ರಿಗಳು, ಗುರುಗಳು, ಸ್ವಾಮಿಗಳು, ಜಿಲ್ಲಾಧಿಕಾರಿಗಳು. ವ್ಯಕ್ತಿಯ ಅಂಕಿತನಾಮಕ್ಕಾದರೆ 'ಅವರು' ಎಂಬ ಸರ್ವನಾಮವನ್ನೇ ತಂದು ಜೋಡಿಸುತ್ತೇವೆ: ಸುಮಿತ್ರಾ ಅವರು, ಮೂರ್ತಿಯವರು, ರಾಮಣ್ಣನವರು. ಕೊನೆಯದರಲ್ಲಿ ಎರಡು ಪದರ ಮರ್ಯಾದೆ ಇದೆ. 'ಅಣ್ಣ' ಒಂದು, ಅದರ ಮೇಲೆ 'ಅವರು' ಇನ್ನೊಂದು. ಬಸವಣ್ಣನವರು ಎನ್ನುವಾಗಲೂ ಇದೇ ಕಟ್ಟಡ.

ಈ 'ರು' ಹೊರಗಿನಿಂದ ಬಂದ ಪದಗಳನ್ನೂ ಬಿಟ್ಟಿಲ್ಲ. ಇಂಗ್ಲಿಷಿನ ಮಾಸ್ಟರ್ ಕನ್ನಡದಲ್ಲಿ ಮೇಷ್ಟ್ರಾದರು, ಡಾಕ್ಟರ್ ಡಾಕ್ಟ್ರಾದರು. ಇಲ್ಲಿ ಒಂದು ತಮಾಷೆ ಇದೆ. 'ಮೇಷ್ಟ್ರು' ಎಂದರೆ ಒಬ್ಬರೇ ಎಂದು ಕಿವಿಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ನಾಲ್ಕು ಜನ ಬಂದಾಗ ಹೇಳಲು ಇನ್ನೊಂದು ಬಹುವಚನ ಬೇಕಾಯಿತು. ಹಾಗೆ ಹುಟ್ಟಿದ್ದು 'ಮೇಷ್ಟ್ರುಗಳು'. 'ದೇವರುಗಳು' ಕೂಡ ಹೀಗೆಯೇ. ಇನ್ನು 'ಒಬ್ಬರು' ಎಂಬ ಪದವನ್ನೇ ನೋಡಿ: ಎಣಿಕೆ ಒಂದು, ಪ್ರತ್ಯಯ ಬಹುವಚನದ್ದು. ಲೆಕ್ಕದ ಮೇಷ್ಟ್ರು ಒಪ್ಪದ ಈ ಪದವಿಲ್ಲದೆ ನಮಗೆ ಒಂದು ದಿನವೂ ಸಾಗದು. "ನಾಳೆ ಇನ್‌ಸ್ಪೆಕ್ಟರು ಬರ್ತಾರೆ" ಎಂಬ ಸುದ್ದಿ ಬಂದರೆ ಎಷ್ಟು ಕುರ್ಚಿ ಹಾಕಬೇಕು? "ಒಬ್ಬರೇನಾ?" ಎಂದು ಕೇಳಿ ತಿಳಿದುಕೊಳ್ಳುವುದೇ ದಾರಿ.

ಇದೇ ಇಕ್ಕಟ್ಟು ತಮಿಳಿಗೆ ನಮಗಿಂತ ಜೋರಾಗಿ ಬಂತು. ಅಲ್ಲಿ 'ಅವರ್' ಎಂದರೆ ಹಿಂದೆ ಹಲವರು. ಗೌರವಕ್ಕೆಂದು ಒಬ್ಬರಿಗೆ ಬಳಸಿ ಬಳಸಿ ಅದು ಒಬ್ಬರಿಗೇ ಮೀಸಲಾಗಿಬಿಟ್ಟಿತು. ಹಲವರನ್ನು ಹೇಳಲು ಅದರ ಮೇಲೆ 'ಕಳ್' ಹೇರಿ 'ಅವರ್ಗಳ್' ಎಂದರು. ಅಷ್ಟಕ್ಕೆ ನಿಂತಿತೇ ಎಂದರೆ ಇಲ್ಲ. ವೇದಿಕೆಯ ಭಾಷಣಗಳಲ್ಲಿ, ಆಹ್ವಾನ ಪತ್ರಿಕೆಗಳಲ್ಲಿ ಗಣ್ಯರ ಹೆಸರಿನ ಮುಂದೆ ಆ 'ಅವರ್ಗಳ್' ಕೂಡ ಗೌರವವಾಗಿ ಕೂತಿತು. ಮರ್ಯಾದೆಯ ಪ್ರತ್ಯಯ ಬಳಸಿದಂತೆ ಸವೆಯುತ್ತದೆ, ಸವೆದಾಗ ಅದರ ಮೇಲೆ ಹೊಸದನ್ನು ಹೇರುತ್ತಾರೆ. ಪೆರಿಯಾರ್, ನಾಯನಾರ್, ಆಳ್ವಾರ್ ಎಂಬ ಹೆಸರುಗಳ ಕೊನೆಯ 'ಆರ್' ಕೂಡ ಈ ಕುಟುಂಬದ್ದೇ.

ಚೆನ್ನೈಗೆ ಹೋಗುವ ಕನ್ನಡಿಗರು ಗಮನಿಸಬೇಕಾದ ಒಂದು ಸೂಕ್ಷ್ಮ ಆಡುತಮಿಳಿನಲ್ಲಿದೆ. ನಮ್ಮ 'ಅವರು ಬಂದರು' ಇಬ್ಬರಿಗೂ ಸಲ್ಲುತ್ತದೆ. ಅಲ್ಲಿ ಗಂಡಸರಿಗೆ 'ಅವರು ವಂದಾರು', ಹೆಂಗಸರಿಗೆ 'ಅವಂಗ ವಂದಾಂಗ'. ಟೀಚರಮ್ಮನ ಬಗ್ಗೆ 'ವಂದಾರು' ಎಂದುಬಿಟ್ಟರೆ ಅವರನ್ನು ಗಂಡಸು ಮಾಡಿದಂತೆ. ಹೆಂಗಸಿಗೆ ಗೌರವ ಕೊಡಬೇಕಾದರೆ ತಮಿಳು ಈಗಲೂ ನಿಜವಾದ ಬಹುವಚನವನ್ನೇ ಆಶ್ರಯಿಸುತ್ತದೆ, ಗಂಡಸಿಗೆ ಮಾತ್ರ ಬೇರೆ ಕುರ್ಚಿ ಹಾಕಿಟ್ಟಿದೆ.

ಒಬ್ಬರೋ ಹಲವರೋ ಎಂಬ ಗೊಂದಲವನ್ನು ಅಚ್ಚುಕಟ್ಟಾಗಿ ಬಗೆಹರಿಸಿಕೊಂಡ ಭಾಷೆ ನಮ್ಮ ಕರಾವಳಿಯಲ್ಲೇ ಇದೆ. ತುಳುವಿನಲ್ಲಿ 'ಈ' ಎಂದರೆ ನೀನು. ಒಬ್ಬ ಹಿರಿಯರಿಗೆ 'ಈರ್'. ಎದುರಿಗೆ ನಾಲ್ಕು ಜನ ಇದ್ದರೆ 'ನಿಕುಲು'. ಹಾಗೆಯೇ 'ಆಯೆ' ಅವನು, 'ಆಳ್' ಅವಳು, ಗೌರವದ ಒಬ್ಬರಿಗೆ 'ಆರ್', ಹಲವರಿಗೆ 'ಅಕುಲು'. ಗೌರವಕ್ಕೆ ಒಂದು, ಗುಂಪಿಗೆ ಒಂದು. ಮಂಗಳೂರಿನವರ ಮನೆಯಲ್ಲಿ "ಆರ್ ಬತ್ತೆರ್" ಎಂದರೆ ಒಂದು ಕುರ್ಚಿ, "ಅಕುಲು ಬತ್ತೆರ್" ಎಂದರೆ ನಾಲ್ಕೈದು. ಕ್ರಿಯಾಪದ ಮಾತ್ರ ಎರಡಕ್ಕೂ ಒಂದೇ, ಅಷ್ಟರ ಮಟ್ಟಿಗೆ ಹಳೆಯ ನಂಟು ಉಳಿದಿದೆ.

ಇಲ್ಲಿಯವರೆಗೆ ಹೇಳಿದ್ದು ಯಾರ ಬಗ್ಗೆ ಮಾತಾಡುತ್ತೇವೋ ಅವರಿಗೆ ಸಲ್ಲುವ ಮರ್ಯಾದೆ. ಇದಕ್ಕಿಂತ ಸ್ವಾರಸ್ಯವಾದದ್ದು ಯಾರೊಡನೆ ಮಾತಾಡುತ್ತೇವೋ ಅವರಿಗೆ ಸಲ್ಲುವುದು. ಎರಡೂ ಬೇರೆ ಬೇರೆ ಲೆಕ್ಕ ಎಂಬುದು ಪುಸ್ತಕದಿಂದ ಭಾಷೆ ಕಲಿತವರಿಗೆ ಬೇಗ ಹೊಳೆಯುವುದಿಲ್ಲ.

ಧಾರವಾಡದ ಕಡೆಯ 'ರಿ' ತೆಗೆದುಕೊಳ್ಳಿ. ಬರ್ರಿ, ಕುಂಡ್ರಿ, ಹೇಳ್ರಿ. ಇದು ಎಲ್ಲಿಂದಲೋ ಬಂದು ಸೇರಿಕೊಂಡದ್ದಲ್ಲ. ಬರಹದ ಕನ್ನಡದಲ್ಲಿ 'ಬನ್ನಿರಿ, ಹೋಗಿರಿ' ಇದೆಯಲ್ಲ, ಅದರ ಬಾಲವೇ ಇದು. ಮೈಸೂರಿನ ಕಡೆ ಆ ಬಾಲವನ್ನು ಬಿಟ್ಟು 'ಹೋಗಿ' ಅಂದರು, ಉತ್ತರದ ಕಡೆ ನಡುವಿನ ಸ್ವರ ಬಿಟ್ಟು 'ಹೋಗ್ರಿ' ಅಂದರು. 'ನೀವು ಬರ್ತೀರಿ' ಎನ್ನುವಾಗ ಬರುವುದೂ ಇದೇ. ಅಂದರೆ 'ರಿ' ಮೂಲತಃ 'ನೀವು' ಎಂಬುದಕ್ಕೆ ಹೊಂದಿಕೊಂಡು ಬರುವ ಕ್ರಿಯಾಪದದ ತುದಿ. ಆಮೇಲೆ ಅದು ಕ್ರಿಯಾಪದದ ಕೈ ಬಿಡಿಸಿಕೊಂಡು ಸ್ವತಂತ್ರವಾಗಿ ಓಡಾಡತೊಡಗಿತು. ಹೌದ್ರಿ, ಇಲ್ರಿ, ಸಾಕ್ರಿ, ಯಾಕ್ರಿ. "ಹಾಲು ಇಲ್ರಿ" ಎಂದಾಗ ಮರ್ಯಾದೆ ಹಾಲಿಗಲ್ಲ, ಕೇಳಿದವರಿಗೆ. "ನಾ ಬರ್ತೀನ್ರಿ" ಎಂದಾಗ ಹೊರಟವನು ತನಗೆ ತಾನೇ ಮರ್ಯಾದೆ ಕೊಟ್ಟುಕೊಳ್ಳುತ್ತಿಲ್ಲ. 'ಬರ್ತೀನ್' ಎಂಬ ಭಾಗ ಅವನದು, 'ರಿ' ಎದುರಿಗಿರುವವರದು.

ಇದನ್ನು ಪರೀಕ್ಷಿಸಲು ಒಳ್ಳೆಯ ವಾಕ್ಯವೊಂದಿದೆ. ಠಾಣೆಗೆ ಓಡಿಬಂದವನು ಸಾಹೇಬರಿಗೆ ಹೇಳುತ್ತಾನೆ: "ಕಳ್ಳ ಓಡಿ ಹೋದನ್ರೀ." ಒಂದೇ ಕ್ರಿಯಾಪದದಲ್ಲಿ ಎರಡು ಮಟ್ಟ. 'ಹೋದನ್' ಎಂಬಲ್ಲಿ ಕಳ್ಳನಿಗೆ ಏಕವಚನ, 'ರೀ' ಎಂಬಲ್ಲಿ ಸಾಹೇಬರಿಗೆ ಮರ್ಯಾದೆ. ಗಾಬರಿಯಲ್ಲಿ "ಕಳ್ಳ ಓಡಿ ಹೋದ್ರು" ಅಂದುಬಿಟ್ಟರೆ ಮರ್ಯಾದೆ ಕಳ್ಳನಿಗೆ ಹೋಯಿತು, ಸಾಹೇಬರು ಖಾಲಿ ಕೈಯಲ್ಲಿ ಉಳಿದರು. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ. ಎದುರಿಗಿರುವವರ ಮೇಲಿನ ಗೌರವವನ್ನು ತೋರಿಸುವ ಉತ್ಸಾಹದಲ್ಲಿ ಮಾತಿನಲ್ಲಿ ಬರುವ ಪ್ರತಿಯೊಂದಕ್ಕೂ 'ರು' ಹಚ್ಚುತ್ತಾರೆ: ನಾಯಿ ಬಂದ್ರು, ನನ್ನ ಮಗ ಮಲಗಿದ್ದಾರೆ. ಅವರಿಗೆ ಬೇಕಾಗಿದ್ದದ್ದು 'ರು' ಅಲ್ಲ, 'ರಿ'.

ತೆಲುಗಿನ 'ಅಂಡಿ' ಇದೇ ಕೆಲಸ ಮಾಡುತ್ತದೆ. ಕೂರ್ಚೋಂಡಿ ಎಂದರೆ ಕೂತುಕೊಳ್ಳಿ, ಅವುನಂಡಿ ಎಂದರೆ ಹೌದ್ರಿ, ಲೇದಂಡಿ ಎಂದರೆ ಇಲ್ರಿ. ಠಾಣೆಯ ವಾಕ್ಯ ಅಲ್ಲಿ "ದೊಂಗ ಪಾರಿಪೋಯಾಡಂಡಿ" ಆಗುತ್ತದೆ. 'ಪಾರಿಪೋಯಾಡು' ಕಳ್ಳನಿಗೆ, 'ಅಂಡಿ' ಸಾಹೇಬರಿಗೆ. ಅಚ್ಚು ಒಂದೇ. (ಬರಲು ಕರೆಯುವ 'ರಾ' ಜೊತೆ ಈ 'ಅಂಡಿ' ಸೇರಿದಾಗ ಆಗುವ ರೂಪವನ್ನು ಮೊದಲ ಸಲ ಕೇಳಿದ ಕನ್ನಡಿಗರು ಬೆಚ್ಚಿಬೀಳುವುದುಂಟು. ಅವರು ಬಾಗಿಲಲ್ಲಿ ನಿಂತು ಕರೆಯುತ್ತಿರುವುದು ಅತ್ಯಂತ ವಿನಯದಿಂದಲೇ.) ತಮಿಳಿನಲ್ಲಿ ಈ ಜಾಗದಲ್ಲಿ 'ಂಗ' ಇದೆ. ವಾಂಗ, ಸೊಲ್ಲುಂಗ ಎಂಬ ಆಜ್ಞೆಗಳಿಂದ ಹೊರಬಂದು ಅದು ಸರಿಂಗ, ಆಮಾಂಗ, ತೆರಿಯಾದುಂಗ ಎಂದು ಎಲ್ಲದಕ್ಕೂ ಅಂಟುತ್ತದೆ. 'ಎನಕ್ಕು ತೆರಿಯಾದುಂಗ' ಎಂದರೆ ಧಾರವಾಡದ 'ನನಗ ಗೊತ್ತಿಲ್ರಿ'. ಮೂರು ಭಾಷೆಗಳಲ್ಲೂ ಈ ಅಂಟುವ ಪ್ರತ್ಯಯಕ್ಕೆ ಹೆಸರಾದ ಒಂದೊಂದು ಸೀಮೆ ಇದೆ. ಕನ್ನಡಕ್ಕೆ ಧಾರವಾಡ, ತೆಲುಗಿಗೆ ಗೋದಾವರಿ ಜಿಲ್ಲೆಗಳು, ತಮಿಳಿಗೆ ಕೊಯಮತ್ತೂರಿನ ಕೊಂಗುನಾಡು. ಆ ಸೀಮೆಯವರ ಮಾತನ್ನು ಸಿನಿಮಾಗಳು ಅಣಕಿಸುವುದೂ ಇದನ್ನೇ ಹಿಡಿದು.

ಮೂರೂ ಭಾಷೆಗಳ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳದ ಕಾಲವೊಂದಿತ್ತು. ಹೆಸರು ಹೇಳದೆ ಕರೆಯುವುದು ಹೇಗೆ? 'ಏನು' ಎಂಬ ಪದಕ್ಕೆ ಆಯಾ ಭಾಷೆಯ ಅಂಟುಪ್ರತ್ಯಯ ಹಚ್ಚಿದರು. ಕನ್ನಡದಲ್ಲಿ 'ಏನ್ರೀ', ತೆಲುಗಿನಲ್ಲಿ 'ಏಮಂಡಿ', ತಮಿಳಿನಲ್ಲಿ 'ಎನ್ನಂಗ'. ಒಬ್ಬರನ್ನೊಬ್ಬರು ಕೇಳಿ ಮಾಡಿದಂತಿದೆ. ಕನ್ನಡದಲ್ಲಂತೂ 'ಏನ್' ಕೂಡ ಬಿದ್ದುಹೋಗಿ ಬರಿಯ 'ರೀ' ಉಳಿಯಿತು. ಯಾವ ಪದಕ್ಕೂ ಅಂಟದೆ ಪ್ರತ್ಯಯವೊಂದೇ ಒಂದು ಕರೆಯಾಗಿ ನಿಂತಿತು.

ದಕ್ಷಿಣ ಕರ್ನಾಟಕದವರು 'ರಿ' ಕಡಿಮೆ ಬಳಸಿದರೂ ಎದುರಿಗಿರುವವರಿಗೆ ತಕ್ಕಂತೆ ಮಾತಿನ ತುದಿ ಬದಲಿಸುವ ಏರ್ಪಾಡು ಅವರಲ್ಲೂ ಸೊಗಸಾಗಿದೆ. "ಮಳೆ ಬರ್ತಿದೆ" ಎಂಬ ಸುದ್ದಿಯೊಂದನ್ನೇ ಹೇಳಬೇಕು ಎಂದಿಟ್ಟುಕೊಳ್ಳಿ. ಗೆಳೆಯನಿಗೆ 'ಮಳೆ ಬರ್ತಿದೆ ಕಣೋ', ಗೆಳತಿಗೆ 'ಕಣೇ', ಗೌರವ ಕೊಡಬೇಕಾದವರಿಗೆ 'ಕಣ್ರೀ', ಸಲಿಗೆಯ ಗಂಡಸಿಗೆ 'ಕಣಪ್ಪ', ಹೆಂಗಸಿಗೆ 'ಕಣಮ್ಮ'. ಮಳೆಗೂ ಇದಕ್ಕೂ ಸಂಬಂಧವಿಲ್ಲ. ಫೋನಿನಲ್ಲಿ ಯಾರೋ ಮಾತಾಡುತ್ತಿದ್ದರೆ ಪಕ್ಕದಲ್ಲಿ ಕೂತವರು ಆ ಕಡೆ ಇರುವುದು ಗಂಡೋ ಹೆಣ್ಣೋ ದೊಡ್ಡವರೋ ಎಂದು ಹೇಳಿಬಿಡಬಹುದು, ಒಂದೇ ಒಂದು ಹೆಸರು ಕೇಳದೆ.

'ಅಪ್ಪ, ಅಮ್ಮ, ಅಣ್ಣ, ಅಕ್ಕ' ಎಂಬ ಈ ನಂಟಿನ ಪದಗಳ ದಾರಿಯನ್ನು ಕಲಿಯುವವರು ಬೇಗ ಹಿಡಿದುಕೊಳ್ಳುವುದು ಒಳ್ಳೆಯದು. ತರಕಾರಿ ಗಾಡಿಯ ಮುಂದೆ 'ಕೊಡು' ಎಂದರೆ ಒರಟು, 'ಕೊಡಿ' ಎಂದರೆ ಸರಿ, ಆದರೆ ಸ್ವಲ್ಪ ದೂರದ ಮಾತು. 'ಕೊಡಣ್ಣ' ಎಂದರೆ ಕ್ರಿಯಾಪದ ಏಕವಚನದಲ್ಲೇ ಇದೆ, ಆದರೂ ಯಾರಿಗೂ ಬೇಸರವಿಲ್ಲ. ಆಟೋದಲ್ಲಿ 'ಇಲ್ಲೇ ನಿಲ್ಸಣ್ಣ', ಹೂವಿನವರ ಹತ್ತಿರ 'ಇನ್ನೊಂದು ಮೊಳ ಹಾಕಕ್ಕ'. ಮರ್ಯಾದೆಯನ್ನು ಬಹುವಚನದಿಂದ ತರದೆ ನಂಟಸ್ತಿಕೆಯಿಂದ ತರುವ ಉಪಾಯ ಇದು. ಏಕವಚನದ ಸಲಿಗೆ, ಹಿರಿತನದ ಗೌರವ ಎರಡೂ ಇದರಲ್ಲಿವೆ. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಜಾಗ ಕಡಿಮೆ, ಮಾರುಕಟ್ಟೆಯಲ್ಲಿ ಬಹಳ.

ಮಲಯಾಳದ ಕತೆಯೇ ಬೇರೆ. ಉಳಿದ ಸೋದರ ಭಾಷೆಗಳು ಮರ್ಯಾದೆಯನ್ನು ಕ್ರಿಯಾಪದದ ಬಾಲದಲ್ಲಿ ಕಟ್ಟಿಟ್ಟರೆ, ಮಲಯಾಳ ಆ ಬಾಲವನ್ನೇ ಉದುರಿಸಿಕೊಂಡಿತು. ಞಾನ್ ವನ್ನು, ನೀ ವನ್ನು, ಅಚ್ಛನ್ ವನ್ನು, ಪಟ್ಟಿ ವನ್ನು. ನಾನು ಬಂದರೂ, ಅಪ್ಪ ಬಂದರೂ, ನಾಯಿ ಬಂದರೂ 'ವನ್ನು' ಒಂದೇ. ಹಾಗಾಗಿ ಗೌರವದ ಭಾರವೆಲ್ಲ ಕರೆಯುವ ಪದದ ಮೇಲೆ ಬಿತ್ತು. ಕನ್ನಡಿಗರು ಇಲ್ಲಿ ಜಾರುವ ಜಾಗ ಒಂದಿದೆ. 'ನಿಙ್ಙಳ್' ನಮ್ಮ 'ನೀವು' ಇದ್ದಂತೆಯೇ ಕಾಣುತ್ತದೆ. ಆದರೆ ಹಿರಿಯರಿಗೆ, ಮೇಲಧಿಕಾರಿಗಳಿಗೆ ಮುಖಕ್ಕೆ ಮುಖ 'ನಿಙ್ಙಳ್' ಎಂದರೆ ಬಹಳ ಕಡೆ ಅದು ಬಿರುಸಾಗಿ ಕೇಳಿಸುತ್ತದೆ. 'ತಾಂಗಳ್' ಇದೆ, ಅದು ಪತ್ರಕ್ಕೆ, ವೇದಿಕೆಗೆ ಸರಿ, ಅಡುಗೆಮನೆಗಲ್ಲ. ಹಾಗಾಗಿ ಮಲಯಾಳಿಗಳು ಸರ್ವನಾಮವನ್ನೇ ಬಿಟ್ಟು ಎದುರಿಗಿರುವವರ ಪದವಿಯನ್ನೋ ನಂಟನ್ನೋ ಅವರ ಜಾಗದಲ್ಲಿಟ್ಟು ಮಾತಾಡುತ್ತಾರೆ. ಸಾರ್ ಎದುರಿಗೇ ನಿಂತು "ಸಾರ್ ಎಪ್ಪೋಳ್ ವನ್ನು?", ಅಕ್ಕನ ಎದುರಿಗೇ "ಚೇಚ್ಚಿ ಕಾಪ್ಪಿ ಕುಡಿಚ್ಚೋ?" ಸಾರ್, ಮಾಷ್, ಟೀಚರ್, ಚೇಟ್ಟನ್, ಚೇಚ್ಚಿ ಇಲ್ಲದಿದ್ದರೆ ಅಲ್ಲಿ ವಾಕ್ಯವೇ ಹೊರಡದು. 2021ರಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ ತನ್ನ ಕಚೇರಿಯಲ್ಲಿ ಜನ 'ಸಾರ್, ಮೇಡಂ' ಎನ್ನಬೇಕಾಗಿಲ್ಲ ಎಂದು ನಿರ್ಧರಿಸಿದ್ದು ದೊಡ್ಡ ಸುದ್ದಿಯಾದದ್ದಕ್ಕೆ ಈ ಹಿನ್ನೆಲೆಯೂ ಇದೆ. ಆ ಪದ ತೆಗೆದರೆ ಅದರ ಜಾಗದಲ್ಲಿ ಏನಿಡುವುದು ಎಂಬುದು ಆ ಭಾಷೆಯಲ್ಲಿ ಸಣ್ಣ ಪ್ರಶ್ನೆಯಲ್ಲ.

ಹಾಗಾದರೆ ಈ ಪ್ರತ್ಯಯಗಳು ನಿಜವಾಗಿ ಏನನ್ನು ಹೇಳುತ್ತವೆ? ಎದುರಿಗಿರುವವರು ದೊಡ್ಡವರು ಎಂದೇ? ಹಾಗಿದ್ದರೆ ದೇವರಿಗಿಂತ ದೊಡ್ಡವರು ಯಾರು? 'ದೇವರು' ಎಂಬ ಪದದ ಕೊನೆಯಲ್ಲಿ ಗೌರವದ 'ರು' ಗಟ್ಟಿಯಾಗಿ ಕೂತಿದೆ. ಆದರೆ ನಾವು ಹೇಳುವುದು "ದೇವರು ಇದ್ದಾನೆ, ನೋಡ್ಕೋತಾನೆ" ಎಂದು. ಹೆಸರು ಬಹುವಚನ, ಕ್ರಿಯಾಪದ ಏಕವಚನ. ಮೇಷ್ಟ್ರ ವಿಷಯದಲ್ಲಿ ತಪ್ಪಾಗುವ ಇದೇ ಜೋಡಣೆ ದೇವರ ವಿಷಯದಲ್ಲಿ ಸರಿಯಾದ ಕನ್ನಡ. ಗರ್ಭಗುಡಿಯ ಮುಂದೆ ಕೈಮುಗಿದು "ನೀನೇ ಕಾಪಾಡಪ್ಪ" ಎನ್ನುತ್ತೇವೆ, ಹೊರಗೆ ಬಂದು ಅರ್ಚಕರಿಗೆ "ತೀರ್ಥ ಕೊಡಿ" ಎನ್ನುತ್ತೇವೆ. ಅಮ್ಮನಿಗೆ ಬಹುತೇಕ ಮನೆಗಳಲ್ಲಿ 'ನೀನು', ಅಪ್ಪನಿಗೆ ಹಿಂದಿನ ತಲೆಮಾರಿನಲ್ಲಿ ಹಲವು ಮನೆಗಳಲ್ಲಿ 'ನೀವು'. ಅಮ್ಮನ ಮೇಲೆ ಗೌರವ ಕಡಿಮೆ ಎಂದಲ್ಲ. ಬಹುವಚನ ಅಳೆಯುವುದು ಎತ್ತರಕ್ಕಿಂತ ಹೆಚ್ಚಾಗಿ ದೂರವನ್ನು. ಒಬ್ಬನನ್ನು ನೇರವಾಗಿ ಬೆರಳು ಮಾಡಿ ತೋರಿಸದೆ ಹಲವರ ನಡುವೆ ಇರಿಸಿ ಮಾತಾಡುವುದು ಒಂದು ಅಂತರವನ್ನು ಕಾಯುತ್ತದೆ. ದೇವರಲ್ಲೂ ತಾಯಿಯಲ್ಲೂ ಆ ಅಂತರ ಬೇಕಿಲ್ಲ.

ಆ ಅಂತರ ಒಪ್ಪಿಕೊಂಡದ್ದಾದರೆ ಮರ್ಯಾದೆ, ಹೇರಿದ್ದಾದರೆ ಬೇರೆ. ಹಳ್ಳಿಗಳಲ್ಲಿ ಜಮೀನ್ದಾರರ ಮನೆಯ ಹತ್ತು ವರ್ಷದ ಹುಡುಗ ಅರವತ್ತು ವರ್ಷದ ಆಳನ್ನು 'ಏ, ಬಾರೋ' ಎಂದು ಕರೆಯುತ್ತಿದ್ದ, ಆ ಮುದುಕ ಹುಡುಗನಿಗೆ 'ಬನ್ನಿ ಬುದ್ಧಿ' ಎನ್ನುತ್ತಿದ್ದ. ವಯಸ್ಸನ್ನು ಜಾತಿಯೂ ಜಮೀನೂ ಸೇರಿ ಸೋಲಿಸುತ್ತಿದ್ದವು. ತೆಲುಗಿನಲ್ಲಿ ಈ ಏಣಿಯ ಎರಡು ತುದಿಗಳು ಒಂದೇ ಅಕ್ಷರದ ಅಂತರದಲ್ಲಿವೆ. ಹೆಸರಿಗೆ 'ಗಾರು' ಹಚ್ಚಿದರೆ 'ರಾಮಾರಾವುಗಾರು ವಚ್ಚಾರು', ಪೂರ್ಣ ಮರ್ಯಾದೆ. 'ಗಾಡು' ಹಚ್ಚಿದರೆ 'ರಾಮುಗಾಡು ವಚ್ಚಾಡು', ಗೆಳೆಯರ ನಡುವೆ ಸಲಿಗೆ, ಬೇರೆಯವರ ಬಾಯಲ್ಲಿ ತುಚ್ಛ. 'ಗಾಡು' ಕೇಳಿಸಿಕೊಳ್ಳುತ್ತಲೇ ಮುದುಕರಾದವರು ಎಷ್ಟೋ ಜನ. ಇದು ಹಳೆಯ ಕತೆಯಷ್ಟೇ ಅಲ್ಲ. 2021ರಲ್ಲಿ ಕೇರಳ ಹೈಕೋರ್ಟು, ಪೊಲೀಸರು ಜನರನ್ನು 'ಎಡಾ, ಎಡೀ, ನೀ' ಎಂದು ಕರೆಯುವುದು ನಿಲ್ಲಬೇಕೆಂದು ಹೇಳಬೇಕಾಯಿತು. ನಮ್ಮ ಪತ್ರಿಕೆಗಳಲ್ಲೂ ಒಂದೇ ಪುಟದಲ್ಲಿ ಸಚಿವರು 'ಹೇಳಿದರು', ಆರೋಪಿ 'ಪರಾರಿಯಾಗಿದ್ದಾನೆ'. ಅಪರಾಧ ಇನ್ನೂ ಸಾಬೀತಾಗಿರುವುದಿಲ್ಲ, ಕ್ರಿಯಾಪದ ಆಗಲೇ ತೀರ್ಪು ಕೊಟ್ಟಿರುತ್ತದೆ. ಆರೋಪಿಯೇ ಸಚಿವರಾಗಿದ್ದರೆ ವರದಿಗಾರರು ಏನು ಬರೆಯುತ್ತಾರೆ ಎಂದು ಗಮನಿಸಿ ನೋಡಿ. ಹೆಚ್ಚಾಗಿ 'ರು' ಉಳಿದುಕೊಳ್ಳುತ್ತದೆ.

ಹೊಸಬರು ಕೇಳುವ ಪ್ರಶ್ನೆ: ನಾನು ಯಾರಿಗೆ ಯಾವುದು ಹೇಳಲಿ? ಗೊತ್ತಿಲ್ಲದ ದೊಡ್ಡವರು ಯಾರೇ ಆಗಲಿ, 'ನೀವು' ಮತ್ತು 'ಬನ್ನಿ' ಎರಡನ್ನೂ ಜೊತೆಯಾಗಿ ಬಳಸಿ. ಹೆಚ್ಚು ಮರ್ಯಾದೆ ಕೊಟ್ಟದ್ದಕ್ಕೆ ಜಗಳವಾಗುವುದು ಅಪರೂಪ. ಕೆಳಗಿಳಿಯುವ ಅನುಮತಿಯನ್ನು ಮೇಲಿರುವವರೇ ಕೊಡಬೇಕು. "ನನಗೆ ನೀವು ಅನ್ನಬೇಡಿ, ನೀನು ಅನ್ನಿ" ಎನ್ನುತ್ತಾರೆ, ಹಾಗೆನ್ನುವಾಗಲೂ ಅವರ ಬಾಯಲ್ಲಿ 'ಅನ್ನಿ'ಯೇ ಬರುತ್ತದೆ. ವಯಸ್ಸಿನ ಅಂತರ ದೊಡ್ಡದಿದ್ದರೆ ಅವರು ನಿಮಗೆ 'ನೀನು' ಎನ್ನುತ್ತಾ ಹೋಗಬಹುದು, ನೀವು 'ನೀವು' ಎನ್ನುತ್ತಲೇ ಇರುತ್ತೀರಿ. ಅದರಲ್ಲಿ ಯಾರಿಗೂ ನೋವಿಲ್ಲ. ಆದರೆ ಇಷ್ಟು ದಿನ 'ನೀನು' ಅನ್ನುತ್ತಿದ್ದ ಗೆಳೆಯ ಒಂದು ದಿನ "ನೀವು ದೊಡ್ಡವರು, ನಿಮಗೇನು ಬಿಡಿ" ಎಂದರೆ ಎಚ್ಚರ, ಅವನಿಗೆ ಸಿಟ್ಟು ಬಂದಿದೆ. ಜಗಳದಲ್ಲಿ ಅಪರಿಚಿತರು ಬಹುವಚನದಿಂದ ಏಕವಚನಕ್ಕೆ ಇಳಿಯುತ್ತಾರೆ, ಆಪ್ತರು ಏಕವಚನದಿಂದ ಬಹುವಚನಕ್ಕೆ ಏರುತ್ತಾರೆ.

ಕೇಳಿಸಿಕೊಳ್ಳುವ ಮೂರನೆಯವರೂ ಲೆಕ್ಕಕ್ಕೆ ಬರುತ್ತಾರೆ. ಕಾಲೇಜಿನಿಂದ ಜೊತೆಗೇ ಓದಿ ಮದುವೆಯಾದ ಹುಡುಗ ಹುಡುಗಿಯರ ಮನೆಗಳಲ್ಲಿ 'ರೀ' ಈಗ ಬಹುಪಾಲು ಹೋಗಿದೆ. ಹೆಸರು ಹಿಡಿದು ಕರೆಯುತ್ತಾರೆ, 'ಬಾರೋ, ಹೋಗೇ' ಎನ್ನುತ್ತಾರೆ. ಹಬ್ಬಕ್ಕೆ ಊರಿಗೆ ಹೋದಾಗ, ನಡುಮನೆಯಲ್ಲಿ ಅತ್ತೆ ಕೂತಿದ್ದರೆ, ಅದೇ ಹುಡುಗಿ ಅದೇ ಹುಡುಗನಿಗೆ "ಊಟಕ್ಕೆ ಬರ್ತೀರಾ?" ಎನ್ನುತ್ತಾಳೆ. ಅವನು ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಯಾರನ್ನೋ ಕರೆಯುತ್ತಿದ್ದಾಳೆ ಅಂದುಕೊಂಡಿರುತ್ತಾನೆ.